ನಾಲ್ಕು ಆಯ್ಕೆ, ಅವೇ ಖಾತೆ: ಡೆಬಿಟ್ ಯಾವುದು, ಕ್ರೆಡಿಟ್ ಯಾವುದು?

ಪ್ರಶ್ನೆ: ಸರ್, ನಾನು ಸಿಂಧನೂರಿನವಳು, ಬಿ.ಕಾಂ ಕೊನೇ ವರ್ಷ. ಲೆಕ್ಕ ಸಹಾಯಕರ ಪರೀಕ್ಷೆಗೆ ಓದ್ತಿದೀನಿ. ಜರ್ನಲ್ ಎಂಟ್ರಿ ಪ್ರಶ್ನೇಲಿ ನಾಲ್ಕು ಆಯ್ಕೆ ಓದಿದ ಮೇಲೆ ನಾಲ್ಕೂ ಸರಿ ಅನ್ನಿಸ್ತವೆ. ಡೆಬಿಟ್ಟು ಕ್ರೆಡಿಟ್ಟು ತಿರುಗಾಮುರುಗಾ ಆಗ್ತದೆ. ರೇಶಿಯೋದಲ್ಲಿ ಸೂತ್ರ ಬಾಯಿಪಾಠ ಇದೆ, ಆದ್ರೆ "ಈ ವ್ಯವಹಾರದಿಂದ ಅನುಪಾತ ಏರುತ್ತದೆಯೇ ಇಳಿಯುತ್ತದೆಯೇ" ಅಂದ್ರೆ ಕೈ ನಡುಗ್ತದೆ. ಅಪ್ಪಂದು ಅಡತಿ ಅಂಗಡಿ, ಚಿಕ್ಕಂದಿನಿಂದ ಕಿರ್ದಿ ನೋಡಿ ಬೆಳೆದವಳು ನಾನು. ಆದ್ರೂ ಯಾಕೆ ಹೀಗೆ?

ಉತ್ತರ:

ಕಿರ್ದಿ ನೋಡಿ ಬೆಳೆದಿದ್ದಕ್ಕೇ ಹೀಗಾಗಿರಬಹುದು, ಅಲ್ವಾ? ತಮಾಷೆಗೆ ಹೇಳುತ್ತಿಲ್ಲ. ಗಂಗಾವತಿ ಕಡೆಯ ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿ ಶುರು ಮಾಡಿ, ಆಮೇಲೆ ಬಳ್ಳಾರಿಯಲ್ಲಿ ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುತ್ತಾ ಬಂದವನು ನಾನು. ಅಂಗಡಿ ಮನೆತನದ ಮಕ್ಕಳು ಈ ಒಂದು ಜಾಗದಲ್ಲಿ ಎಡವುವುದನ್ನು ಬಹಳ ಸಲ ನೋಡಿದ್ದೇನೆ. ಲೆಕ್ಕ ಅಂದರೇನು ಅಂತ ಗೊತ್ತಿಲ್ಲದವರು ಎಡವುವುದೇ ಬೇರೆ ಕಡೆ.

ಅಪ್ಪನ ಕಿರ್ದಿಯನ್ನೇ ತೆಗೆಯಿರಿ. ಒಂದು ಬದಿ ಜಮಾ, ಇನ್ನೊಂದು ಬದಿ ಖರ್ಚು. ಜಮಾ ಬದಿಯಲ್ಲಿ "ಮಲ್ಲಪ್ಪ, ಹಳೇ ಬಾಕಿ ಬಾಬ್ತು, 5,000" ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಮಲ್ಲಪ್ಪ ಬಂದು ದುಡ್ಡು ಕೊಟ್ಟ, ಗಲ್ಲಾ ತುಂಬಿತು. ಇದನ್ನು ನೋಡಿ ನೋಡಿ ನಿಮ್ಮ ತಲೆಯಲ್ಲಿ ಒಂದು ಗಂಟು ಬಿದ್ದಿದೆ: ದುಡ್ಡು ಬಂದರೆ ಜಮಾ. ಕಾಲೇಜಿನಲ್ಲಿ ಜಮಾ ಅಂದರೆ ಕ್ರೆಡಿಟ್ ಅಂದರು. ಹಾಗಾಗಿ ದುಡ್ಡು ಬಂದರೆ ನಗದು ಖಾತೆಗೆ ಕ್ರೆಡಿಟ್. ಇಲ್ಲೇ ದಾರಿ ತಪ್ಪಿದ್ದು.

ಕಿರ್ದಿಯಲ್ಲಿ ನಗದು ಅನ್ನುವ ಖಾತೆಯ ಹೆಸರನ್ನು ಯಾರೂ ಬರೆಯುವುದಿಲ್ಲ, ಯಾಕಂದರೆ ಆ ಪುಸ್ತಕವೇ ನಗದಿನದು. ಅಲ್ಲಿ ಬರೆಯುವುದು ಎದುರು ಖಾತೆಯ ಹೆಸರು. ಜಮಾ ಆದದ್ದು ಮಲ್ಲಪ್ಪನ ಲೆಕ್ಕಕ್ಕೆ. ಅವನ ಬಾಕಿ 5,000 ಕಡಿಮೆಯಾಯಿತು. ನಗದು ಏರಿತು, ಅದು ಡೆಬಿಟ್, ಆದರೆ ಕಿರ್ದಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಜರ್ನಲ್ಲಿನಲ್ಲಿ ಎರಡನ್ನೂ ಹೇಳಬೇಕು: ನಗದು ಖಾತೆ ಡೆಬಿಟ್ 5,000, ಮಲ್ಲಪ್ಪನ ಖಾತೆಗೆ ಕ್ರೆಡಿಟ್ 5,000. ಅಪ್ಪನ ಕಿರ್ದಿಯೂ ಸರಿ, ಕಾಲೇಜಿನ ಪುಸ್ತಕವೂ ಸರಿ. ಎರಡರ ನಡುವೆ ಜಗಳವೇ ಇಲ್ಲ. ಜಮಾ ಅನ್ನುವ ಪದವನ್ನು ನೀವು ಮಲ್ಲಪ್ಪನ ಬದಲು ಗಲ್ಲಾಕ್ಕೆ ಅಂಟಿಸಿದಿರಿ, ಅಷ್ಟೇ.

ಬ್ಯಾಂಕ್ ಪಾಸ್‌ಬುಕ್ಕಿನದೂ ಇದೇ ಕಥೆ. ದುಡ್ಡು ಹಾಕಿದರೆ ಅಲ್ಲಿ ಕ್ರೆಡಿಟ್ ಅಂತ ಬರುತ್ತದೆ, ಮೊಬೈಲಿಗೂ "ಕ್ರೆಡಿಟ್ ಆಗಿದೆ" ಅಂತ ಮೆಸೇಜು ಬರುತ್ತದೆ. ಆದರೆ ಅದು ಬ್ಯಾಂಕಿನವರ ಪುಸ್ತಕ. ಅವರ ಪಾಲಿಗೆ ನೀವು ಸಾಲ ಕೊಟ್ಟವರು. ನಿಮ್ಮ ಪುಸ್ತಕದಲ್ಲಿ ಅದೇ ದುಡ್ಡು ಬ್ಯಾಂಕ್ ಖಾತೆಗೆ ಡೆಬಿಟ್. ಪ್ರಶ್ನೆಯಲ್ಲಿ "ಪಾಸ್‌ಬುಕ್ಕಿನ ಪ್ರಕಾರ ಡೆಬಿಟ್ ಬಾಕಿ" ಅಂತ ಕಂಡರೆ ಅದು ಓವರ್‌ಡ್ರಾಫ್ಟ್ ಅಂತ ತಕ್ಷಣ ಹೊಳೆಯಬೇಕು.

ಈಗ ಆಯ್ಕೆಗಳ ವಿಷಯ. ನಾಲ್ಕೂ ಸರಿ ಅನ್ನಿಸುವುದು ನೀವು ಅವುಗಳನ್ನು ಮೊದಲು ಓದುವುದರಿಂದ. ನಾನು ತರಗತಿಯಲ್ಲಿ ಅಂಗೈ ಅಡ್ಡ ಇಟ್ಟು ಆಯ್ಕೆ ಮುಚ್ಚಿಸುತ್ತೇನೆ. ವ್ಯವಹಾರದ ಸಾಲು ಮಾತ್ರ ಓದಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಎರಡು ಖಾತೆಯ ಹೆಸರು ಬರೆಯಿರಿ, ಪ್ರತಿಯೊಂದರ ಮುಂದೆ ಏರಿತು ಅಥವಾ ಇಳಿಯಿತು ಅಂತ ಬಾಣ ಹಾಕಿ. ಆಮೇಲೆ ಒಂದೇ ನಿಯಮ: ಆಸ್ತಿ ಮತ್ತು ಖರ್ಚು ಏರಿದರೆ ಡೆಬಿಟ್, ಹೊಣೆ, ಬಂಡವಾಳ ಮತ್ತು ಆದಾಯ ಏರಿದರೆ ಕ್ರೆಡಿಟ್. ಇಳಿದರೆ ಉಲ್ಟಾ. ಇಷ್ಟು ಆದ ಮೇಲೆ ಕೈ ತೆಗೆದು ನಿಮ್ಮ ಎಂಟ್ರಿ ಯಾವ ಆಯ್ಕೆಯಲ್ಲಿದೆ ಅಂತ ಹುಡುಕಿ. ಇಪ್ಪತ್ತು ಸೆಕೆಂಡು ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ ಬಿಡಿ.

"ಪಡೆದವರು ಡೆಬಿಟ್, ಕೊಟ್ಟವರು ಕ್ರೆಡಿಟ್" ಅನ್ನುವ ಹಳೇ ಸೂತ್ರವನ್ನು ನಾನು ಬೇಡ ಅನ್ನುವುದಿಲ್ಲ, ಆದರೆ ಆಯ್ಕೆ ಪ್ರಶ್ನೆಯಲ್ಲಿ ಅದು ಕಾಲಿಗೆ ತೊಡರುತ್ತದೆ. "ಗುಮಾಸ್ತ ರಮೇಶನಿಗೆ ಸಂಬಳ 9,000 ನಗದು ಕೊಟ್ಟಿದೆ" ಅಂತ ಪ್ರಶ್ನೆ ಇರುತ್ತದೆ. ಪಡೆದವನು ರಮೇಶ, ಹಾಗಾಗಿ ರಮೇಶನ ಖಾತೆ ಡೆಬಿಟ್ ಅಂತ ಹುಡುಗರು ಟಿಕ್ ಹಾಕುತ್ತಾರೆ. ಆದರೆ ರಮೇಶ ನಮಗೆ ಆ ದುಡ್ಡು ವಾಪಸ್ ಕೊಡಬೇಕಾಗಿಲ್ಲವಲ್ಲ? ಅವನು ಕೆಲಸ ಮಾಡಿದ, ಖರ್ಚು ಮುಗಿಯಿತು. ಸಂಬಳ ಖಾತೆ ಡೆಬಿಟ್, ನಗದು ಕ್ರೆಡಿಟ್. ಬಾಣ ಹಾಕುವವರು ಇಲ್ಲಿ ಬೀಳುವುದಿಲ್ಲ, ಯಾಕಂದರೆ ಅವರು "ಏನು ಏರಿತು?" ಅಂತ ಕೇಳಿಕೊಂಡಿರುತ್ತಾರೆ.

ಇನ್ನು ಒಂದು ಎಂಟ್ರಿಯನ್ನು ಪೂರ್ತಿ ಬಿಚ್ಚಿ ನೋಡೋಣ. ಪರೀಕ್ಷೆಯವರಿಗೆ ಬಹಳ ಪ್ರೀತಿಯದು ಇದು.

"ಹಿಂದಿನ ವರ್ಷ ಬ್ಯಾಡ್ ಡೆಟ್ ಅಂತ ತೆಗೆದುಹಾಕಿದ್ದ ಬಾಕಿಯಲ್ಲಿ 12,000 ರೂಪಾಯಿ ಈ ವರ್ಷ ಶರಣಪ್ಪನಿಂದ ನಗದಾಗಿ ಬಂತು." ಆಯ್ಕೆಗಳು ಹೀಗಿರುತ್ತವೆ. ಎ: ನಗದು ಡೆಬಿಟ್, ಶರಣಪ್ಪ ಕ್ರೆಡಿಟ್. ಬಿ: ಬ್ಯಾಡ್ ಡೆಟ್ಸ್ ಡೆಬಿಟ್, ನಗದು ಕ್ರೆಡಿಟ್. ಸಿ: ನಗದು ಡೆಬಿಟ್, ಬ್ಯಾಡ್ ಡೆಟ್ಸ್ ರಿಕವರ್ಡ್ ಕ್ರೆಡಿಟ್. ಡಿ: ಬ್ಯಾಡ್ ಡೆಟ್ಸ್ ರಿಕವರ್ಡ್ ಡೆಬಿಟ್, ನಗದು ಕ್ರೆಡಿಟ್.

ನಗದು ಬಂದಿದೆ, ಏರಿದೆ, ಹಾಗಾಗಿ ಡೆಬಿಟ್. ಇದೊಂದರಿಂದಲೇ ಬಿ ಮತ್ತು ಡಿ ಹೋದವು. ಉಳಿದದ್ದು ಎ ಮತ್ತು ಸಿ. ಈಗ ಗಮನಿಸಿ, ಎರಡರಲ್ಲೂ ಡೆಬಿಟ್ ಬದಿ ಒಂದೇ. ಪ್ರಶ್ನೆ ಕೇಳಿದವನಿಗೆ ಬೇಕಾದ್ದು ಕ್ರೆಡಿಟ್ ಬದಿಯ ಹೆಸರು. ಹೆಚ್ಚಿನ ಕಷ್ಟದ ಪ್ರಶ್ನೆಗಳು ಹೀಗೇ ಇರುತ್ತವೆ. ಎರಡು ಆಯ್ಕೆ ಬದಿ ತಿರುಗಿಸಿದ ಬಲೆ, ಒಂದು ಆಯ್ಕೆ ಹೆಸರು ಬದಲಿಸಿದ ಬಲೆ.

ಹೆಸರು ಬದಲಿಸಿದ ಬಲೆ ಎಂಥದು ಅಂತ ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ. ಮಿಲ್ಲಿಗೆ ಸೇರಿದ ಹೊಸತರಲ್ಲಿ ಇಂಥದ್ದೇ ಒಬ್ಬ ಪಾರ್ಟಿ, ಎಲ್ಲರೂ ಆಸೆ ಬಿಟ್ಟವನು, ಒಂದು ದಿನ ಬಂದು ಒಂದಿಷ್ಟು ದುಡ್ಡು ಕೊಟ್ಟು ಹೋದ. ನಾನು ಖುಷಿಯಿಂದ ನಗದು ಡೆಬಿಟ್ ಮಾಡಿ ಅವನ ಹೆಸರಿಗೆ ಜಮಾ ಮಾಡಿದೆ. ಮಾರ್ಚ್‌ನಲ್ಲಿ ಪಾರ್ಟಿಗಳ ಬಾಕಿ ಪಟ್ಟಿ ತೆಗೆದಾಗ ಅವನ ಹೆಸರು ನಾವು ಕೊಡಬೇಕಾದವರ ಸಾಲಿನಲ್ಲಿ ಕೂತಿತ್ತು. ಮಾಲೀಕರು ಕನ್ನಡಕ ಹಣೆಗೇರಿಸಿ ಕೇಳಿದರು: "ಏನಪಾ, ಇವನಿಗೆ ನಾವು ಯಾವಾಗ ಬಾಕಿ ಆದ್ವಿ? ನಮ್ಮನ್ನ ಮುಳುಗಿಸಿ ಹೋದವನು ಇವನು!"

ತಪ್ಪು ಎಲ್ಲಿ ಅಂದರೆ, ಹಿಂದಿನ ವರ್ಷವೇ ಬ್ಯಾಡ್ ಡೆಟ್ಸ್ ಡೆಬಿಟ್ ಮಾಡಿ ಅವನ ಖಾತೆಗೆ ಕ್ರೆಡಿಟ್ ಕೊಟ್ಟು ಮುಚ್ಚಿಬಿಟ್ಟಿದ್ದರು. ಅವನ ಖಾತೆ ಆಗಲೇ ಸೊನ್ನೆ. ಸೊನ್ನೆ ಇರುವ ಖಾತೆಗೆ ನಾನು ಮತ್ತೆ ಕ್ರೆಡಿಟ್ ಕೊಟ್ಟೆ. ಆಗ ಅವನು ನಮ್ಮ ಸಾಲಗಾರನಾಗಿದ್ದವನು ಹೋಗಿ ನಮಗೆ ಸಾಲ ಕೊಟ್ಟವನಾದ. ನಿಜವಾಗಿ ಆದದ್ದು, ಬರುವುದಿಲ್ಲ ಅಂದುಕೊಂಡ ದುಡ್ಡು ಬಂತು. ಅದು ಈ ವರ್ಷದ ಲಾಭ. ಲಾಭ ಏರಿದರೆ ಕ್ರೆಡಿಟ್. ಆದ್ದರಿಂದ ಸಿ ಸರಿ.

ಇದರಿಂದ ನಾನು ಒಂದು ತಾಳೆ ನೋಡುವ ಅಭ್ಯಾಸ ಮಾಡಿಕೊಂಡೆ. ಎರಡು ಆಯ್ಕೆ ಉಳಿದಾಗ ಪ್ರತಿಯೊಂದನ್ನೂ ಖಾತೆಗೆ ಹಾಕಿದಂತೆ ಮನಸ್ಸಿನಲ್ಲೇ ಮಾಡಿ ನೋಡುತ್ತೇನೆ. ಹಾಕಿದ ಮೇಲೆ ಯಾವ ಖಾತೆಯಾದರೂ ಸುಳ್ಳು ಹೇಳಲು ಶುರು ಮಾಡಿತಾ? ಸಾಲಗಾರ ಸಾಲ ಕೊಟ್ಟವನಾದನಾ? ಗಲ್ಲಾಕ್ಕೆ ಬಾರದ ದುಡ್ಡು ಗಲ್ಲಾದಲ್ಲಿ ಕೂತಿತಾ? ಹಾಗಾದರೆ ಆ ಆಯ್ಕೆ ಬಿಡಿ.

ಇದೇ ತಾಳೆಯನ್ನು ಮಾಲೀಕರು ಮನೆಗೆ ಮಾಲು ತಗೊಂಡು ಹೋದ ಪ್ರಶ್ನೆಗೂ ಹಾಕಬಹುದು. 6,000ಕ್ಕೆ ಕೊಂಡ ಅಕ್ಕಿ, ಮಾರಿದರೆ 7,000 ಬರುತ್ತಿತ್ತು, ಮಾಲೀಕರು ಮನೆಗೆ ಒಯ್ದರು. ಡ್ರಾಯಿಂಗ್ಸ್ ಡೆಬಿಟ್ ಅಂತ ಎಲ್ಲರೂ ಹೇಳುತ್ತಾರೆ. ಕ್ರೆಡಿಟ್ ಯಾವುದು? ಸೇಲ್ಸ್ ಅಂದರೆ ಮಾಲೀಕ ತನಗೆ ತಾನೇ ಮಾರಿಕೊಂಡು ಲಾಭ ಮಾಡಿದ ಹಾಗೆ, ಸುಳ್ಳು. ನಗದು ಅಂದರೆ ಗಲ್ಲಾದಿಂದ ದುಡ್ಡು ಹೋದ ಹಾಗೆ, ಅದೂ ಸುಳ್ಳು. ಮಾರಲಿಕ್ಕೆ ಅಂತ ಕೊಂಡ ಮಾಲಿನಲ್ಲಿ ಒಂದಿಷ್ಟು ಕಡಿಮೆಯಾಯಿತು, ಆದ್ದರಿಂದ ಪರ್ಚೇಸಸ್ ಕ್ರೆಡಿಟ್, 6,000. ಪ್ರಶ್ನೆಯಲ್ಲಿ ಕೊಂಡಾಗ ಜಿಎಸ್‌ಟಿ ಕಟ್ಟಿ ಇನ್‌ಪುಟ್ ಪಡೆದಿದ್ದಾರೆ ಅಂತ ಹೇಳಿದ್ದರೆ ಇನ್‌ಪುಟ್ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಖಾತೆಗಳಿಗೂ ಕ್ರೆಡಿಟ್ ಬರುತ್ತದೆ, ಮನೆಬಳಕೆಯ ಮಾಲಿಗೆ ಆ ಲಾಭ ಸಿಗುವುದಿಲ್ಲವಲ್ಲ.

ಸರಿ, ರೇಶಿಯೋಗೆ ಬರೋಣ. ನಿಮ್ಮ ನಿಜವಾದ ತೊಂದರೆ ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ನೀವು ಇದನ್ನು ಬೇರೆ ಪಾಠ ಅಂದುಕೊಂಡಿದ್ದೀರಿ. ಅಲ್ಲ. "ಏರುತ್ತದೆಯೇ ಇಳಿಯುತ್ತದೆಯೇ" ಅನ್ನುವ ಪ್ರಶ್ನೆ ಅಂದರೆ ವೇಷ ಹಾಕಿದ ಜರ್ನಲ್ ಎಂಟ್ರಿ. ಮೊದಲು ಎಂಟ್ರಿ ಬರೆಯಿರಿ, ಆಮೇಲೆ ಅದರ ಎರಡು ಖಾತೆಗಳು ಅನುಪಾತದ ಮೇಲಿನ ಮನೆಯಲ್ಲಿವೆಯಾ, ಕೆಳಗಿನ ಮನೆಯಲ್ಲಿವೆಯಾ, ಅಥವಾ ಹೊರಗಿವೆಯಾ ನೋಡಿ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಬಳ್ಳಾರಿಯಲ್ಲಿ ಒಂದು ಚಿಕ್ಕ ಜೀನ್ಸ್ ಹೊಲಿಯುವ ಘಟಕ ಅಂದುಕೊಳ್ಳಿ. ಡೆನಿಮ್ ಬಟ್ಟೆ, ಹೊಲಿದ ಪ್ಯಾಂಟು ಎಲ್ಲ ಸೇರಿ ಸ್ಟಾಕು 1,20,000. ಅಂಗಡಿಯವರಿಂದ ಬರಬೇಕಾದ್ದು 80,000. ನಗದು ಮತ್ತು ಬ್ಯಾಂಕಿನಲ್ಲಿ 1,00,000. ಒಟ್ಟು ಚಾಲ್ತಿ ಆಸ್ತಿ 3,00,000. ಬಟ್ಟೆ ಕೊಟ್ಟವರಿಗೆ, ವಾಷಿಂಗ್‌ನವರಿಗೆ ಎಲ್ಲ ಕೊಡಬೇಕಾದ ಚಾಲ್ತಿ ಹೊಣೆ 1,50,000. ಕರೆಂಟ್ ರೇಶಿಯೋ, ಕನ್ನಡ ಮಾಧ್ಯಮದವರು ಚಾಲ್ತಿ ಅನುಪಾತ ಅನ್ನುತ್ತಾರೆ, ಚಾಲ್ತಿ ಆಸ್ತಿ ಮೇಲೆ, ಚಾಲ್ತಿ ಹೊಣೆ ಕೆಳಗೆ, 2:1.

ಈಗ ಬಟ್ಟೆ ಕೊಟ್ಟವರಿಗೆ ಚೆಕ್‌ನಲ್ಲಿ 50,000 ಕೊಟ್ಟರು. ಎಂಟ್ರಿ: ಕ್ರೆಡಿಟರ್ಸ್ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಕ್ರೆಡಿಟರ್ಸ್ ಕೆಳಗಿನ ಮನೆಯವರು, ಇಳಿದರು. ಬ್ಯಾಂಕ್ ಮೇಲಿನ ಮನೆ, ಅದೂ ಇಳಿಯಿತು. ಮೇಲೆ 2,50,000, ಕೆಳಗೆ 1,00,000. ಅನುಪಾತ 2.5:1. ಏರಿತು!

ಇಲ್ಲಿ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ದುಡ್ಡು ಹೋಯಿತು, ಅನುಪಾತ ಯಾಕೆ ಏರಿತು? ಚೀಲದ ಲೆಕ್ಕದಲ್ಲಿ ನೋಡಿ. ನಿಮ್ಮ ಹತ್ತಿರ 4 ಚೀಲ ಜೋಳ ಇದೆ, ಕೊಡಬೇಕಾದ್ದು 2 ಚೀಲ. ಒಂದು ಚೀಲ ಕೊಟ್ಟುಬಿಟ್ಟಿರಿ. ಈಗ ಇರುವುದು 3, ಕೊಡಬೇಕಾದ್ದು 1. ಎರಡು ಪಟ್ಟು ಇದ್ದದ್ದು ಮೂರು ಪಟ್ಟಾಯಿತು. ಅದೇ ನಿಮ್ಮ ಹತ್ತಿರ 2 ಚೀಲ ಇದ್ದು ಕೊಡಬೇಕಾದ್ದು 4 ಇದ್ದರೆ? ಒಂದು ಕೊಟ್ಟರೆ ಇರುವುದು 1, ಬಾಕಿ 3. ಅರ್ಧ ಇದ್ದದ್ದು ಮೂರರಲ್ಲಿ ಒಂದು ಪಾಲಾಯಿತು. ಇಳಿಯಿತು.

ಹೀಗಾಗಿ "ಕ್ರೆಡಿಟರ್ಸ್‌ಗೆ ಕೊಟ್ಟರೆ ಅನುಪಾತ ಏರುತ್ತದೆ" ಅಂತ ಸುಮ್ನೆ ಬಾಯಿಪಾಠ ಮಾಡಿದವರು ಅರ್ಧ ಸಲ ಮುಳುಗುತ್ತಾರೆ. ಪ್ರಶ್ನೆಯ ಮೊದಲ ಸಾಲಿನಲ್ಲಿ ಕೊಟ್ಟಿರುವ ಅನುಪಾತ ಒಂದಕ್ಕಿಂತ ಜಾಸ್ತಿಯಾ ಕಡಿಮೆಯಾ ಅಂತ ನೋಡದೆ ಟಿಕ್ ಹಾಕಬಾರದು. ಎರಡೂ ಮನೆ ಒಂದೇ ಮೊತ್ತದಿಂದ ಇಳಿದರೆ, 2:1 ಇದ್ದದ್ದು ಏರುತ್ತದೆ, 0.8:1 ಇದ್ದದ್ದು ಇಳಿಯುತ್ತದೆ, ಸರಿಯಾಗಿ 1:1 ಇದ್ದರೆ ಅಲುಗಾಡುವುದಿಲ್ಲ. ಎರಡೂ ಏರಿದರೆ, ಉದಾಹರಣೆಗೆ ಬಟ್ಟೆಯನ್ನು ಉದ್ರಿ ತಂದರೆ, ಇದರ ಉಲ್ಟಾ. ನಮ್ಮ ಘಟಕ 50,000ದ ಬಟ್ಟೆ ಉದ್ರಿ ತಂದಿದ್ದರೆ ಮೇಲೆ 3,50,000, ಕೆಳಗೆ 2,00,000, ಅಂದರೆ 1.75:1. ಇಳಿಯಿತು.

ಪ್ರಶ್ನೆಯಲ್ಲಿ ಮೊತ್ತ ಕೊಡದೆ ಬರೀ 2:1 ಅಂತ ಕೊಟ್ಟಿದ್ದರೆ ಭಯ ಬೇಡ. 200 ಮತ್ತು 100 ಅಂತ ನೀವೇ ಇಟ್ಟುಕೊಳ್ಳಿ, ವ್ಯವಹಾರ 50ರದು ಅಂದುಕೊಳ್ಳಿ. ದಿಕ್ಕು ಸರಿಯಾಗಿಯೇ ಬರುತ್ತದೆ.

ಒಂದೇ ಮನೆಯೊಳಗೆ ಓಡಾಡುವ ವ್ಯವಹಾರಗಳು ಸುಲಭ. ಅಂಗಡಿಯವರಿಂದ ಬಾಕಿ ವಸೂಲಾಯಿತು: ಬ್ಯಾಂಕ್ ಡೆಬಿಟ್, ಡೆಟರ್ಸ್ ಕ್ರೆಡಿಟ್, ಎರಡೂ ಮೇಲಿನ ಮನೆ, ಬದಲಾವಣೆ ಇಲ್ಲ. ಕ್ರೆಡಿಟರ್ಸ್‌ಗೆ ಬಿಲ್ಲು ಬರೆದುಕೊಟ್ಟರು: ಎರಡೂ ಕೆಳಗಿನ ಮನೆ, ಬದಲಾವಣೆ ಇಲ್ಲ. ಹೊಲಿಗೆ ಯಂತ್ರವನ್ನು ಐದು ವರ್ಷದ ಸಾಲದ ಮೇಲೆ ತಂದರು: ಎರಡೂ ಖಾತೆ ಹೊರಗಿನವು, ಕರೆಂಟ್ ರೇಶಿಯೋ ಹಾಗೇ ಇರುತ್ತದೆ, ಡೆಟ್-ಈಕ್ವಿಟಿ ಮಾತ್ರ ಏರುತ್ತದೆ. ಅದೇ ಯಂತ್ರವನ್ನು ಒಂದು ತಿಂಗಳ ಉದ್ರಿಗೆ 45,000ಕ್ಕೆ ತಂದಿದ್ದರೆ ಕೆಳಗಿನ ಮನೆ ಮಾತ್ರ ಏರುತ್ತದೆ: 3,00,000ಕ್ಕೆ 1,95,000, ಸುಮಾರು 1.54:1.

ಈಗ ಎಂಟ್ರಿ ಬರೆಯುವ ಉಪಾಯ ಕೈಕೊಡುವ ಒಂದು ಜಾಗ ಹೇಳುತ್ತೇನೆ. ಇದನ್ನು ಹೇಳದೆ ಬಿಟ್ಟರೆ ನಾಳೆ ನೀವೇ ಬಂದು ನನ್ನನ್ನು ಬೈಯುತ್ತೀರಿ.

ನಮ್ಮ ಘಟಕ 20,000 ಅಸಲಿನ ಪ್ಯಾಂಟುಗಳನ್ನು ಕೊಪ್ಪಳದ ಅಂಗಡಿಯವರಿಗೆ 25,000ಕ್ಕೆ ಉದ್ರಿ ಮಾರಿತು. ಎಂಟ್ರಿ: ಡೆಟರ್ಸ್ ಡೆಬಿಟ್ 25,000, ಸೇಲ್ಸ್ ಕ್ರೆಡಿಟ್ 25,000. ಬರೀ ಇದನ್ನು ನೋಡಿದವರು ಮೇಲಿನ ಮನೆಗೆ 25,000 ಸೇರಿಸಿ 3,25,000 ಮಾಡುತ್ತಾರೆ, 2.17:1 ಅಂತ ಉತ್ತರ ತೆಗೆಯುತ್ತಾರೆ. ಆಯ್ಕೆಗಳಲ್ಲಿ ಅದೂ ಇರುತ್ತದೆ, ಪ್ರಶ್ನೆ ಹಾಕುವವರು ಅಷ್ಟು ದಡ್ಡರಲ್ಲ! ಆದರೆ ಪ್ಯಾಂಟು ಹೊರಗೆ ಹೋಗಿದೆ. ಸ್ಟಾಕು 20,000 ಇಳಿದಿದೆ. ನಮ್ಮ ಪಠ್ಯದ ಪದ್ಧತಿಯಲ್ಲಿ ಮಾರಿದಾಗ ಸ್ಟಾಕು ಇಳಿದದ್ದಕ್ಕೆ ಬೇರೆ ಎಂಟ್ರಿ ಹಾಕುವುದಿಲ್ಲ, ವರ್ಷದ ಕೊನೆಗೆ ಸ್ಟಾಕು ಎಣಿಸಿದಾಗಲೇ ಅದು ಗೊತ್ತಾಗುವುದು. ಆದ್ದರಿಂದ ಮೇಲಿನ ಮನೆ ಏರಿದ್ದು ಲಾಭದಷ್ಟು ಮಾತ್ರ, 5,000. ಅಂದರೆ 3,05,000ಕ್ಕೆ 1,50,000, ಸುಮಾರು 2.03:1. ಮಾಲು ಮಾರಿದ ಪ್ರಶ್ನೆ ಬಂದರೆ ಪಕ್ಕದಲ್ಲಿ ಸ್ಟಾಕಿಗೆ ಒಂದು ಇಳಿ ಬಾಣ ಹಾಕುವುದನ್ನು ಮರೆಯಬೇಡಿ. ಮಾಲು ಕೊಂಡಾಗಲೂ ಹಾಗೇ. ಎಂಟ್ರಿಯಲ್ಲಿ ಪರ್ಚೇಸಸ್ ಅಂತ ಖರ್ಚಿನ ಖಾತೆ ಇರುತ್ತದೆ, ಅನುಪಾತದಲ್ಲಿ ಅದು ಸ್ಟಾಕಾಗಿ ಕೂರುತ್ತದೆ.

ಕ್ವಿಕ್ ರೇಶಿಯೋದಲ್ಲಿ ಇದೇ ವಿಷಯ ಇನ್ನೊಂದು ಆಟ ಆಡುತ್ತದೆ. ಅಲ್ಲಿ ಸ್ಟಾಕು ಮೇಲಿನ ಮನೆಯಿಂದ ಹೊರಗೆ. ಮುಂಗಡ ಕೊಟ್ಟ ಖರ್ಚು ಇದ್ದರೆ ಅದೂ ಹೊರಗೆ. ನಮ್ಮ ಘಟಕದ್ದು 1,80,000ಕ್ಕೆ 1,50,000, ಅಂದರೆ 1.2:1. ಕೊಪ್ಪಳದ ಮಾರಾಟವನ್ನೇ ಇಲ್ಲಿ ಇಟ್ಟು ನೋಡಿ. ಹೊರಗಿದ್ದ ಸ್ಟಾಕು ಇಳಿದರೆ ಇಲ್ಲಿ ಯಾರಿಗೂ ಲೆಕ್ಕವಿಲ್ಲ, ಡೆಟರ್ಸ್ ಪೂರ್ತಿ 25,000 ಏರುತ್ತದೆ, 2,05,000ಕ್ಕೆ 1,50,000, ಸುಮಾರು 1.37:1. ಇನ್ನು 30,000ದ ಬಟ್ಟೆ ನಗದು ಕೊಂಡರೆ? ಕರೆಂಟ್ ರೇಶಿಯೋ ಅಲುಗಾಡುವುದಿಲ್ಲ, ನಗದು ಹೋಗಿ ಸ್ಟಾಕು ಬಂತು, ಎರಡೂ ಒಂದೇ ಮನೆ. ಕ್ವಿಕ್ ರೇಶಿಯೋ ಮಾತ್ರ 1,50,000ಕ್ಕೆ 1,50,000 ಆಗಿ 1:1ಕ್ಕೆ ಇಳಿಯುತ್ತದೆ. "ಒಂದು ಬದಲಾಗದು, ಇನ್ನೊಂದು ಇಳಿಯುತ್ತದೆ" ಅನ್ನುವ ಆಯ್ಕೆ ಕಂಡಾಗ ಸ್ಟಾಕು ಎಲ್ಲಾದರೂ ಕೈಯಾಡಿಸಿದೆಯಾ ನೋಡಿ.

ಈಗ ಶರಣಪ್ಪನನ್ನು ಮತ್ತೆ ಕರೆಯೋಣ. ಮುಳುಗಿದ ಬಾಕಿಯ 12,000 ಬಂದರೆ ಕರೆಂಟ್ ರೇಶಿಯೋ ಏನಾಗುತ್ತದೆ? ಎ ಆಯ್ಕೆಯ ಎಂಟ್ರಿ, ಅಂದರೆ ನಗದು ಡೆಬಿಟ್ ಮತ್ತು ಶರಣಪ್ಪ ಕ್ರೆಡಿಟ್, ಸರಿ ಅಂದುಕೊಂಡವರು ಸಾಮಾನ್ಯ ವಸೂಲಿ ಅಂತ ತಿಳಿದು "ಬದಲಾವಣೆ ಇಲ್ಲ" ಅಂತ ಹಾಕುತ್ತಾರೆ. ಅಂದರೆ ಜರ್ನಲ್ಲಿನ ಪ್ರಶ್ನೆಯಲ್ಲಿ ಕಳೆದ ಅಂಕವನ್ನೇ ಇಲ್ಲಿ ಇನ್ನೊಮ್ಮೆ ಕಳೆಯುತ್ತಾರೆ. ನಗದು ಏರಿದೆ, ಆದರೆ ಡೆಟರ್ಸ್ ಇಳಿದಿಲ್ಲ, ಇಳಿಯಲಿಕ್ಕೆ ಆ ಬಾಕಿ ಪುಸ್ತಕದಲ್ಲೇ ಇರಲಿಲ್ಲ. ಎದುರಿಗೆ ಇರುವುದು ಲಾಭ. ಮೇಲಿನ ಮನೆ 3,12,000, ಕೆಳಗೆ 1,50,000, ಅನುಪಾತ 2.08:1.

ಬಾಕಿ ಮುಳುಗಿತು ಅಂತ ತೆಗೆದುಹಾಕುವ ದಿನದ ಪ್ರಶ್ನೆಯೂ ಬರುತ್ತದೆ, ಅದರಲ್ಲಿ ಒಂದು ಸಣ್ಣ ಮುಳ್ಳಿದೆ. ಬ್ಯಾಡ್ ಡೆಟ್ಸ್ ಡೆಬಿಟ್, ಡೆಟರ್ಸ್ ಕ್ರೆಡಿಟ್. ಮೇಲಿನ ಮನೆಯಲ್ಲಿ ಡೆಟರ್ಸ್ ಇಳಿಯಿತು, ಬ್ಯಾಡ್ ಡೆಟ್ಸ್ ಖರ್ಚು, ಅದು ಹೊರಗೆ. ಅನುಪಾತ ಇಳಿಯುತ್ತದೆ. ಆದರೆ ಪ್ರಶ್ನೆಯಲ್ಲಿ "ಇದಕ್ಕೆ ಮೊದಲೇ ಪ್ರಾವಿಷನ್ ಮಾಡಿಡಲಾಗಿದೆ" ಅಂತ ಒಂದು ತುಂಡು ಸೇರಿಸಿದ್ದರೆ ಉತ್ತರ ಬೇರೆ. ಡೆಟರ್ಸ್ 80,000, ಪ್ರಾವಿಷನ್ 8,000 ಅಂದುಕೊಳ್ಳಿ. ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದು 72,000. ಈಗ 5,000ದ ಬಾಕಿ ಮುಳುಗಿತು, ಅದನ್ನು ಪ್ರಾವಿಷನ್ನಿಗೇ ಹಾಕಿದರು. ಡೆಟರ್ಸ್ 75,000, ಪ್ರಾವಿಷನ್ 3,000, ಕಾಣುವುದು ಮತ್ತೆ 72,000. ಪೆಟ್ಟು ಬಿದ್ದದ್ದು ಪ್ರಾವಿಷನ್ ಮಾಡಿದ ದಿನವೇ. ಇವತ್ತು ಅನುಪಾತಕ್ಕೆ ಏನೂ ಆಗಲಿಲ್ಲ. "ಇಳಿಯುತ್ತದೆ" ಅನ್ನುವುದು ಮೊದಲ ಆಯ್ಕೆಯಾಗಿಯೇ ಇರುತ್ತದೆ, ಪ್ರಾವಿಷನ್ ಅನ್ನುವ ಪದ ಪ್ರಶ್ನೆಯ ಕೊನೆಯಲ್ಲಿ ಇರುತ್ತದೆ, ಅವಸರದಲ್ಲಿ ಅಲ್ಲಿಯವರೆಗೆ ಓದದವರಿಗಾಗಿ.